ಬಿಲ್ ಜಾಸ್ತಿ ಆಯ್ತು ಅಂತ ಕೂಗಾಡುವ ಗ್ರಾಹಕರು

"ಬೈಕ್ ಸರ್ವಿಸ್ ಸೆಂಟರ್‌ನಲ್ಲಿ ಅಡ್ವೈಸರ್ ಆಗಿದ್ದೇನೆ. 1,800 ಅಂದು 2,650 ಬಿಲ್ ಮಾಡಿದ್ದೀರಿ ಅಂತ ಒಬ್ಬರು ಕೌಂಟರ್‌ನಲ್ಲೇ ಕೂಗಾಡಿದರು. ಏನು ಮಾಡಬೇಕಿತ್ತು?"

ಮೊದಲು ಅವರು ಪೂರ್ತಿ ಹೇಳಿ ಮುಗಿಸಲಿ, ನಡುವೆ ಬಾಯಿ ಹಾಕಬೇಡಿ. 'ಸಮಾಧಾನ ಮಾಡ್ಕೊಳ್ಳಿ ಸಾರ್' ಅನ್ನಲೇಬೇಡಿ, ಸಿಟ್ಟು ಇನ್ನೂ ಏರುತ್ತದೆ. ಅವರ ದೂರನ್ನೇ ಅಂಕಿ ಸಮೇತ ತಿರುಗಿ ಹೇಳಿ: '850 ಜಾಸ್ತಿ ಆಗಿದೆ, ನಿಮ್ಮನ್ನು ಕೇಳಿಲ್ಲ, ಅಲ್ವಾ?' ಅವರು ಹೌದು ಅಂದ ಮೇಲೆ ಜಾಬ್ ಕಾರ್ಡ್ ಹಿಡಿದು ಬೈಕ್ ಹತ್ತಿರ ಕರೆದುಕೊಂಡು ಹೋಗಿ, ಏಕೆಂದರೆ ಕೌಂಟರ್ ಮುಂದೆ ಹತ್ತು ಜನ ನೋಡುತ್ತಿದ್ದರೆ ಯಾರೂ ದನಿ ಇಳಿಸುವುದಿಲ್ಲ.

ಅಲ್ಲಿ ತೆಗೆದ ಹಳೆಯ ಭಾಗ ತೋರಿಸಿ. ಬ್ರೇಕ್ ಶೂ 350, ಕ್ಲಚ್ ಕೇಬಲ್ 250, ಮಜೂರಿ 250 ಅಂದುಕೊಳ್ಳಿ. ಫೋನ್ ಮಾಡಿ ಒಪ್ಪಿಗೆ ಪಡೆದದ್ದು ಕಾರ್ಡ್‌ನಲ್ಲಿ ಬರೆದಿಲ್ಲವೇ? ಹಾಗಾದರೆ ತಪ್ಪು ಸೆಂಟರ್‌ನದ್ದೇ, ಮೆಕ್ಯಾನಿಕ್ ಮೇಲೆ ಹಾಕಬೇಡಿ. ಮ್ಯಾನೇಜರ್ ಒಪ್ಪಿದರೆ ಮಜೂರಿ ಬಿಡಿ. ನಿಮ್ಮ ಕೈಯಲ್ಲಿಲ್ಲದ ರಿಯಾಯಿತಿಗೆ ಸುಮ್ನೆ ಮಾತು ಕೊಡಬೇಡಿ. 'ಹಳೆಯದನ್ನೇ ಹಾಕಿ' ಅಂದರೆ, ಕೇಬಲ್ ಎಳೆ ಬಿಚ್ಚಿಲ್ಲದಿದ್ದರೆ ಹಾಕಬಹುದು, ಸವೆದ ಬ್ರೇಕ್ ಶೂ ಮಾತ್ರ ಖಂಡಿತ ಬೇಡ, ಅದು ಜೀವದ ಪ್ರಶ್ನೆ. ಬೈಗುಳಕ್ಕೆ ಇಳಿದರೆ ನೀವೊಬ್ಬರೇ ನಿಲ್ಲದೆ ಮ್ಯಾನೇಜರ್‌ನ ಕರೆಯಿರಿ.

ಅದೇ ಸಂಜೆ ವಾಟ್ಸಾಪ್‌ನಲ್ಲಿ ಜಾಬ್ ಕಾರ್ಡ್ ಸಂಖ್ಯೆ ಹಾಕಿ ಹೀಗೆ ಬರೆಯಿರಿ:

'ಅಂದಾಜು 1,800, ಬಿಲ್ 2,650. ಕೇಳದೆ ಬ್ರೇಕ್ ಶೂ, ಕೇಬಲ್ ಹಾಕಿದ್ದು ನಮ್ಮ ತಪ್ಪು, ಕ್ಷಮಿಸಿ. ಮಜೂರಿ ಬಿಟ್ಟು 2,400 ಪಡೆದಿದ್ದೇವೆ. ಹಳೆಯ ಭಾಗ ನಿಮಗೆ ಕೊಟ್ಟಿದ್ದೇವೆ. ಬ್ರೇಕ್ ಹೇಗಿದೆ ಅಂತ ಶನಿವಾರ ಫೋನ್ ಮಾಡುತ್ತೇನೆ.'

'ತೊಂದರೆಗೆ ವಿಷಾದ' ಅಂತಷ್ಟೇ ಬರೆದರೆ ಯಾವ ತಪ್ಪು, ಏನು ಸರಿ ಮಾಡಿದಿರಿ ಎನ್ನುವುದೇ ದಾಖಲಾಗುವುದಿಲ್ಲ. ಶನಿವಾರ ಫೋನ್ ಮಾಡಿ, ಅವರು ಹೇಳಿದ್ದನ್ನು ಅದೇ ಕಾರ್ಡ್‌ನಲ್ಲಿ ಬರೆದಿಡಿ.