ಹೊಸ ಕಲಾವಿದರ ಕಿರುಚಿತ್ರಕ್ಕೆ ಒಂದು ದಿನದ ಕಾಲ್‌ಶೀಟ್

ಪ್ರಶ್ನೆ: ಚಿಕ್ಕಮಗಳೂರಿನ ಕಾಫಿ ತೋಟದ ಮನೆಯಲ್ಲಿ ಒಂದೇ ದಿನ ಕಿರುಚಿತ್ರ ಮಾಡುತ್ತಿದ್ದೇವೆ. ಮೂವರೂ ಹೊಸ ಕಲಾವಿದರು. ಕಾಲ್‌ಶೀಟ್ ಹೇಗೆ ಹಾಕುವುದು?

ಉತ್ತರ: ನಮ್ಮಲ್ಲಿ ಕಾಲ್‌ಶೀಟ್ ಎಂದರೆ ನಟರು ಕೊಡುವ ದಿನಗಳು ಎಂಬ ಅರ್ಥವೇ ರೂಢಿಯಲ್ಲಿದೆ, ನಿಮಗೆ ಬೇಕಾಗಿರುವುದು ಯಾರು ಎಷ್ಟು ಹೊತ್ತಿಗೆ ಬರಬೇಕೆಂದು ತಿಳಿಸುವ ಹಾಳೆ. ಅದರಲ್ಲಿ ಎಲ್ಲರಿಗೂ ಒಂದೇ ಸಮಯ ಬರೆಯಬೇಡಿ. ಲೈಟು, ಧ್ವನಿ ಸಿದ್ಧವಾಗಲು ಒಂದೂವರೆ ಗಂಟೆ ಹಿಡಿಯುವುದರಿಂದ ತಂತ್ರಜ್ಞರಿಗೆ 6.30, ಮೊದಲ ದೃಶ್ಯದ ನಟನಿಗೆ 7.15, ಉಳಿದವರಿಗೆ 9 ಗಂಟೆ ಎಂದು ಕೊಡಿ. ಬೇಗ ಬಂದು ಕಾದು ಕುಳಿತ ಹೊಸಬರು ಮೊದಲ ಶಾಟ್‌ಗೆ ಮುನ್ನವೇ ದಣಿದಿರುತ್ತಾರೆ.

ತಾಯಿ, ಮಗ ಅಡುಗೆಮನೆಯಲ್ಲಿ ಜಗಳವಾಡುವುದೇ ಮುಖ್ಯ ದೃಶ್ಯ ಎಂದುಕೊಳ್ಳಿ. 8 ಗಂಟೆಗೆ ಮಗ ಅಂಗಳ ದಾಟಿ ಬರುವ, ಮಾತಿಲ್ಲದ ಶಾಟ್ ತೆಗೆದರೆ ಅವನಿಗೆ ಕ್ಯಾಮೆರಾದ ಅಂಜಿಕೆ ಕಳೆಯುತ್ತದೆ. ಜಗಳವನ್ನು 10ರಿಂದ 12.30ರವರೆಗೆ, ಊಟಕ್ಕೆ ಮುಂಚೆ ಇಡಿ. ಬೆಳಗಿನ ಮಂಜಿನಲ್ಲಿ ಸಂಭಾಷಣೆಯ ದೃಶ್ಯ ಮಾತ್ರ ಬೇಡ, ಏಕೆಂದರೆ ನಡುವೆ ಮಂಜು ಕರಗಿದರೆ ಒಬ್ಬರ ಕ್ಲೋಸಪ್ಪಿಗೂ ಇನ್ನೊಬ್ಬರದಕ್ಕೂ ಬೆಳಕು ಹೊಂದುವುದಿಲ್ಲ.

ಊಟದ ನಂತರ ಅರ್ಧ ಗಂಟೆ ಖಾಲಿ ಬಿಡಿ. ಟೇಕ್ ಹೆಚ್ಚಾದಂತೆ ಮಾತು ಬಾಯಿಪಾಠದಂತೆ ಕೇಳತೊಡಗಿದರೆ ನಟರಿಗೆ ಹತ್ತು ನಿಮಿಷ ಬಿಡುವು ಕೊಟ್ಟು, ಆ ಹೊತ್ತನ್ನು ಈ ಅರ್ಧ ಗಂಟೆಯಲ್ಲಿ ಸರಿದೂಗಿಸಬಹುದು. ತೋಟದಲ್ಲಿ ನೆಟ್‌ವರ್ಕ್ ನಂಬುವಂತಿಲ್ಲ. ಹಾಳೆಯನ್ನು ಹಿಂದಿನ ಸಂಜೆಯೇ ಮುದ್ರಿಸಿ ಕೈಗೆ ಕೊಡಿ.