ಮೊದಲು ಪತ್ರಿಕೆ ತೆಗೆಯಿರಿ

"7ನೇ ತರಗತಿ ಗಣಿತ ಟೆಸ್ಟ್‌ನಲ್ಲಿ 20ಕ್ಕೆ 11 ಕೊಟ್ಟಿದ್ದೆ. ಉತ್ತರ ಸರಿಯಿದ್ದರೂ ಮಾರ್ಕ್ಸ್ ಕಟ್ ಮಾಡಿದ್ದೀರಿ ಅಂತ ಹುಡುಗಿಯ ತಂದೆ ವಾಟ್ಸಾಪ್‌ನಲ್ಲಿ ಸಿಟ್ಟಾಗಿದ್ದಾರೆ. ಏನಂತ ಬರೆಯಲಿ?"

ಮೇಡಂ, ಸದ್ಯಕ್ಕೆ "ಪತ್ರಿಕೆ ಮತ್ತೆ ನೋಡಿ ನಾಳೆ ಸಂಜೆಯೊಳಗೆ ತಿಳಿಸುತ್ತೇನೆ ಸರ್" ಅಂತಷ್ಟೇ ಬರೆಯಿರಿ. ಕ್ಲಾಸ್ ಗ್ರೂಪಿನಲ್ಲಿ ಬೇಡ, ಅವರೊಬ್ಬರಿಗೇ.

ಆಮೇಲೆ ಅಂಕಗಳನ್ನು ಮತ್ತೆ ಕೂಡಿ, ಹಿಂಬದಿ ಪುಟದಲ್ಲಿ ತಿದ್ದದೆ ಉಳಿದ ಉತ್ತರವಿದೆಯೇ ನೋಡಿ. ಅದೇ ಲೆಕ್ಕವನ್ನು ಹಾಗೇ ಬಿಡಿಸಿದ ಬೇರೆ ಮಕ್ಕಳಿಗೂ ಅಷ್ಟೇ ಕೊಟ್ಟಿದ್ದೀರಾ ಅಂತ ಹೋಲಿಸಿ. ಆ ಮಕ್ಕಳ ಹೆಸರನ್ನು ಮಾತ್ರ ತಂದೆಯ ಮುಂದೆ ಎತ್ತಬೇಡಿ.

ಉತ್ತರ ಬರೆಯುವಾಗ ಒಂದು ಲೆಕ್ಕ ಹಿಡಿದು ತೋರಿಸಿ: "ಸರ್, 5000 ರೂಪಾಯಿಗೆ 8% ದರದಲ್ಲಿ 3 ವರ್ಷದ ಸರಳಬಡ್ಡಿ 1200 ರೂಪಾಯಿ. ಅವಳ ಉತ್ತರ ಸರಿ. ಆದರೆ 3 ಅಂಕದಲ್ಲಿ ಸೂತ್ರಕ್ಕೆ 1, ಬೆಲೆ ಹಾಕಿದ್ದಕ್ಕೆ 1, ಉತ್ತರಕ್ಕೆ 1. ಅವಳು ಉತ್ತರ ಮಾತ್ರ ಬರೆದಿದ್ದಾಳೆ, ಹಾಗಾಗಿ 1." ಜೊತೆಗೆ ಆ ಪುಟದ ಫೋಟೋ ಕಳಿಸಿ.

ಈ ಹಂಚಿಕೆಯನ್ನು ಮಕ್ಕಳಿಗೆ ಮೊದಲೇ ಹೇಳಿರದಿದ್ದರೆ ಅವರ ದೂರಿನಲ್ಲಿ ನ್ಯಾಯವಿದೆ. ಆಗ ಅವಳೊಬ್ಬಳಿಗಲ್ಲ, ಇಡೀ ತರಗತಿಗೆ ಅಂಕ ಸರಿಪಡಿಸಬೇಕು. ಕೂಡುವಾಗ ತಪ್ಪಿದ್ದರೆ "13 ಆಗಬೇಕಿತ್ತು, ತಪ್ಪು ನನ್ನದೇ" ಅಂತ ನೇರವಾಗಿ ಬರೆದು, ಪತ್ರಿಕೆ ಮತ್ತು ಅಂಕವಹಿ ಎರಡರಲ್ಲೂ ತಿದ್ದಿ ಸಹಿ ಹಾಕಿ.