ಮುಯ್ಯಿ ಪುಸ್ತಕ ತೆಗೆದು ನೋಡಿ, ಆಮೇಲೆ ಗೆಳೆಯರ ಮನೆಗೆ ಹೋಗಿ

ಪ್ರಶ್ನೆ: ಹನ್ನೊಂದು ವರ್ಷ ದುಬೈಯಲ್ಲಿದ್ದು ಕಲಬುರಗಿಗೆ ವಾಪಸ್ ಬಂದೆ. ಹಳೆಯ ಗೆಳೆಯರು ಸಿಗುತ್ತಾರೆ, ಆದರೆ ಮಾತು ಐದು ನಿಮಿಷಕ್ಕೆ ಮುಗಿಯುತ್ತದೆ. ಬದಲಾದದ್ದು ನಾನೋ ಅವರೋ? ಹೊಸ ಗೆಳೆಯರನ್ನು ಹುಡುಕಿಕೊಳ್ಳುವುದೇ ವಾಸಿನಾ?

ಉತ್ತರ:

ನಾನಿದ್ದದ್ದು ಮಸ್ಕತ್‌ನಲ್ಲಿ. 2009ರಲ್ಲಿ ಹೋದವನು 2022ರಲ್ಲಿ ಹೆಂಡತಿ ಮಕ್ಕಳ ಜೊತೆ ಸಾಮಾನು ಕಟ್ಟಿಕೊಂಡು ವಾಪಸ್ ಬಂದೆ. ರಜೆಗೆ ಬಂದಾಗೆಲ್ಲ ಸೂಪರ್ ಮಾರ್ಕೆಟ್ ಹತ್ತಿರದ ಚಹಾದಂಗಡಿ ಮುಂದೆ ಗೆಳೆಯರ ಗುಂಪು ಸೇರುತ್ತಿತ್ತು, ರಾತ್ರಿ ಹನ್ನೊಂದಾದರೂ ಯಾರೂ ಏಳುತ್ತಿರಲಿಲ್ಲ. ಪೂರ್ತಿ ಬಂದ ಮೇಲೆ ಅದೇ ಗೆಳೆಯರು, ಅದೇ ಅಂಗಡಿ, ಆದರೆ ಅರ್ಧ ಕಪ್ ಚಹಾ ಮುಗಿಯುವುದರೊಳಗೆ ಒಬ್ಬೊಬ್ಬರಾಗಿ ಗಾಡಿ ಚಾಲೂ ಮಾಡತೊಡಗಿದರು. ನನಗೂ ಮೊದಲು ಹೊಳೆದದ್ದು ನಿಮ್ಮ ಪ್ರಶ್ನೆಯೇ: ನಾನು ಬದಲಾದೆನಾ, ಅವರು ಬದಲಾದರಾ?

ಆ ಪ್ರಶ್ನೆಯನ್ನು ಬಿಟ್ಟುಬಿಡಿ. ಹನ್ನೊಂದು ವರ್ಷದಲ್ಲಿ ಎಲ್ಲರೂ ಬದಲಾಗುತ್ತಾರೆ, ಊರು ಬಿಡದವರೂ ಬದಲಾಗುತ್ತಾರೆ, ಆದರೂ ಅವರ ಗೆಳೆತನ ಉಳಿದಿರುತ್ತದೆ. ಕೆಟ್ಟಿರುವುದು ಯಾರ ಗುಣವೂ ಅಲ್ಲ, ಕೊಡು-ಕೊಳ್ಳುವ ಲೆಕ್ಕ. ನನಗೆ ಇದು ತಿಳಿದದ್ದು ಒಬ್ಬ ಗೆಳೆಯನನ್ನು ಹೆಚ್ಚುಕಡಿಮೆ ಕಳೆದುಕೊಂಡ ಮೇಲೆ.

ಅವನು ನೆಹರೂ ಗಂಜ್‌ನ ಒಂದು ಅಡತಿ ಅಂಗಡಿಯಲ್ಲಿ ಮುನೀಮ. ತೊಗರಿ ಚೀಲದ ತೂಕ, ರೈತರ ಪಟ್ಟಿ, ಹಮಾಲಿ, ಎಲ್ಲದರ ಲೆಕ್ಕ ಅವನ ಕೈಯಲ್ಲಿ. 2011ರಲ್ಲಿ ನನ್ನ ಲಗ್ನಕ್ಕೆ 501 ರೂಪಾಯಿ ಮುಯ್ಯಿ ಬರೆಸಿ ಒಂದು ಸ್ಟೀಲಿನ ಕೊಡ ಕೊಟ್ಟಿದ್ದ. ಆಗ ಅವನ ಪಗಾರ ಐದು ಸಾವಿರ. 2020ರ ಮೇ ತಿಂಗಳಲ್ಲಿ ನಮ್ಮಪ್ಪ ಹೃದಯಾಘಾತದಿಂದ ತೀರಿಕೊಂಡರು. ವಿಮಾನ ಬಂದ್, ನಾನು ಮಸ್ಕತ್‌ನ ರೂಮಿನಲ್ಲಿ ಫೋನ್ ಹಿಡಿದು ಕೂತಿದ್ದೆ. ಮಣ್ಣಿಗೆ ಇಪ್ಪತ್ತು ಮಂದಿಗಿಂತ ಹೆಚ್ಚು ಸೇರುವ ಹಾಗಿರಲಿಲ್ಲ. ದೇಶದ ಮೊದಲ ಕೊರೋನಾ ಸಾವು ಮಾರ್ಚ್‌ನಲ್ಲಿ ನಮ್ಮ ಕಲಬುರಗಿಯಲ್ಲೇ ಆಗಿತ್ತು, ಜನ ಯಾರ ಮನೆಗೂ ಕಾಲಿಡಲು ಹೆದರುತ್ತಿದ್ದ ಕಾಲ. ಆ ಇಪ್ಪತ್ತರಲ್ಲಿ ಅವನೊಬ್ಬ. ನನ್ನ ಅಪ್ಪನಿಗೆ ಹೆಗಲು ಕೊಟ್ಟು, ಮಣ್ಣು ಹಾಕಿ, ನಮ್ಮವ್ವನ ಹತ್ತಿರ ಸಂಜೆತನಕ ಕೂತು ಹೋಗಿದ್ದ.

ನಾನು ವಾಪಸ್ ಬಂದ ವರ್ಷವೇ ಅವನು ಸೇಡಂ ರಸ್ತೆ ಕಡೆ ಸಣ್ಣದೊಂದು ಮನೆ ಕಟ್ಟಿಸಿ ವಾಸ್ತುಶಾಂತಿ ಇಟ್ಟುಕೊಂಡ. ನಮ್ಮವ್ವ ಟ್ರಂಕಿನಿಂದ ಮುಯ್ಯಿ ಪುಸ್ತಕ ತೆಗೆದಳು. ನಮ್ಮ ಕಡೆ ಅದು ಹೇಗೆ ನಡೆಯುತ್ತದೆಂದು ನಿಮಗೆ ಗೊತ್ತಿರಬೇಕು, ಆದರೆ ವರ್ಷಗಟ್ಟಲೆ ಹೊರಗಿದ್ದವರಿಗೆ ಮರೆತಿರುತ್ತದೆ. ಅವರು ನಮ್ಮಲ್ಲಿ ಎಷ್ಟು ಬರೆಸಿದ್ದಾರೆ ಅಂತ ಮೊದಲು ನೋಡಬೇಕು. ನಡುವೆ ಕಳೆದ ವರ್ಷಗಳನ್ನು ಲೆಕ್ಕಕ್ಕೆ ಹಿಡಿದು ಸ್ವಲ್ಪ ಏರಿಸಿ ಬರೆಸಬೇಕು. ಅಷ್ಟೇ ವಾಪಸ್ ಕೊಟ್ಟರೆ ‘ಇಲ್ಲಿಗೆ ಮುಗೀತು’ ಎಂದಂತೆ. ಸ್ವಲ್ಪ ಏರಿಸಿದರೆ ಅವರ ಮೇಲೆ ಸಣ್ಣದೊಂದು ಬಾಕಿ ಉಳಿಯುತ್ತದೆ, ಅದನ್ನು ತೀರಿಸಲು ಅವರು ನಮ್ಮ ಮನೆಯ ಮುಂದಿನ ಕಾರ್ಯಕ್ಕೆ ಬರುತ್ತಾರೆ, ಬಂದು ಇನ್ನಷ್ಟು ಏರಿಸುತ್ತಾರೆ. ಈ ಬಾಕಿ ಎಂದೂ ಪೂರ್ತಿ ತೀರಬಾರದು. ಅವ್ವ ಪುಸ್ತಕ ನೋಡಿ, "ಸಾವಿರದ ಒಂದು ಬರಸು, ಅವನ ಹೆಣ್ತಿಗೊಂದು ಸೀರಿ ಒಯ್ಯಿ, ಸಾಕು" ಅಂದಳು.

ನಾನು 25,001 ಬರೆಸಿದೆ.

ಯಾಕೆ ಬರೆಸಿದೆ ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಆ ಹೊತ್ತಿನಲ್ಲಿ ಅದು ತಪ್ಪು ಅಂತ ನನಗೆ ಒಂಚೂರೂ ಅನ್ನಿಸಿರಲಿಲ್ಲ. ಅಪ್ಪನ ಮಣ್ಣಿಗೆ ನಾನಿರಲಿಲ್ಲ, ಅವನಿದ್ದ. ಆ ಭಾರ ಎದೆಯ ಮೇಲೆ ಕೂತಿತ್ತು, ಕೈಯಲ್ಲಿ ರೊಕ್ಕ ಇತ್ತು, ರೊಕ್ಕದಿಂದ ಭಾರ ಇಳಿಸಬಹುದು ಅಂದುಕೊಂಡೆ. ಆದರೆ ಅಲ್ಲಿ ಆದದ್ದೇ ಬೇರೆ. ಮುಯ್ಯಿ ಬರೆದುಕೊಳ್ಳುತ್ತಿದ್ದವರು ಪ್ರತಿಯೊಂದನ್ನೂ ಮೈಕಿನಲ್ಲಿ ಓದುತ್ತಿದ್ದರು. ನನ್ನ ಹೆಸರಿಗಿಂತ ಸ್ವಲ್ಪ ಮುಂಚೆ ಅವನ ಹೆಂಡತಿಯ ಅಣ್ಣನ ಹೆಸರು, 2,001. ಆಮೇಲೆ ನನ್ನದು. ಪೆಂಡಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ಬೀಗರು ತಮ್ಮ ಮಗಳ ಮನೆಯಲ್ಲಿ, ಎಲ್ಲರೆದುರು, ಒಬ್ಬ ಹೊರಗಿನವನ ಮುಂದೆ ಸಣ್ಣವರಾದರು. ಗೆಳೆಯನಿಗೆ ಇನ್ನೂ ದೊಡ್ಡ ಪೆಟ್ಟು: ನಾಳೆ ನಮ್ಮ ಮನೆಯಲ್ಲಿ ಕಾರ್ಯವಾದರೆ ಅವನು ಮೂವತ್ತು ಸಾವಿರ ತರಬೇಕು, ಅದು ಅವನಿಂದಾಗದು. ಆಗದಿದ್ದರೆ ಬರದೇ ಇರುವುದೊಂದೇ ದಾರಿ.

ಹಾಗೆಯೇ ಆಯಿತು. ನನ್ನ ಮಗನ ಜವಳಕ್ಕೆ ಅವನು ಬರಲಿಲ್ಲ. "ಗಂಜಿನ್ಯಾಗ ತೊಗರಿ ಸೀಜನ್ ಅದ" ಅಂದ. ಜನವರಿ ಆಗಿದ್ದರಿಂದ ನಂಬಿದೆ. ಚಹಾದಂಗಡಿಯಲ್ಲೂ ಬಿಲ್ಲು ಯಾವಾಗಲೂ ನನ್ನದೇ ಆಗಿತ್ತು, ಬೇರೆಯವರ ಕೈ ಜೇಬಿಗೆ ಹೋಗುವ ಮುಂಚೆ ನಾನು ಸ್ಕ್ಯಾನ್ ಮಾಡಿಬಿಡುತ್ತಿದ್ದೆ. ಅದೂ ಇದೇ ತಪ್ಪಿನ ಸಣ್ಣ ರೂಪ. ಮೂವತ್ತು ರೂಪಾಯಿ ಕೊಡುವ ಸರದಿ ಸಿಗದವನು ನಾಳೆ ಬಂದು ಕೂಡುವುದಿಲ್ಲ.

ಇಲ್ಲಿ ರಜೆಗೆ ಬರುವುದಕ್ಕೂ ಪೂರ್ತಿ ಬರುವುದಕ್ಕೂ ಇರುವ ಫರಕು ನೋಡಿ. ರಜೆಗೆ ಬಂದವನು ಬೀಗ. ಅವನು ಖರ್ಚು ಮಾಡಿದರೆ ಚೆಂದ, ಅವನಿಗಾಗಿ ಗೆಳೆಯರು ಅಂಗಡಿ ಬಾಗಿಲು ಬೇಗ ಹಾಕಿ ಬರುತ್ತಾರೆ. ಪೂರ್ತಿ ಬಂದವನು ಬೀಗನ ನಡತೆಯನ್ನೇ ಮುಂದುವರಿಸಿದರೆ ಜನ ಅವನನ್ನು ಬೀಗನ ಹಾಗೆಯೇ ನಡೆಸಿಕೊಳ್ಳುತ್ತಾರೆ: ಮರ್ಯಾದೆ ಕೊಟ್ಟು, ಬೇಗ ಬೀಳ್ಕೊಟ್ಟು. ಗೆಳೆಯ ನಿಮಗೆ ‘ರಿ’ ಹಚ್ಚಿ ಮಾತಾಡತೊಡಗಿದರೆ, ತನ್ನ ಮನೆಯ ಸಾಲ-ಜಡ್ಡಿನ ಸುದ್ದಿ ನಿಮಗೆ ಮೂರನೆಯವರಿಂದ ತಿಳಿದರೆ, ನಿಮ್ಮಿಂದ ಸಣ್ಣಪುಟ್ಟ ಕೆಲಸ ಕೇಳುವುದನ್ನು ನಿಲ್ಲಿಸಿದರೆ ನೀವು ಬೀಗರ ಪಟ್ಟಿಯಲ್ಲಿದ್ದೀರಿ ಅಂತ ತಿಳಿಯಿರಿ.

ಮಾತು ಐದು ನಿಮಿಷಕ್ಕೆ ಮುಗಿಯಲು ಇನ್ನೊಂದು ಕಾರಣವೂ ಇದೆ, ಅದಕ್ಕೆ ಹೆಚ್ಚು ಹೆದರಬೇಡಿ. ನಾವಿಲ್ಲದಾಗ ಆದದ್ದು ಬಹಳ. ನಾನು ಹೋಗುವಾಗ ಗುಲಬರ್ಗಾ ಇದ್ದದ್ದು 2014ರಲ್ಲಿ ಕಲಬುರಗಿ ಆಯಿತು, ಹೈದ್ರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕ ಬಂತು. ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ 371 ಜೆ ಬಂದ ಮೇಲೆ ನನ್ನ ಗೆಳೆಯರ ತಮ್ಮ-ತಂಗಿಯರಿಗೆ ನೌಕರಿ ಸಿಕ್ಕವು, ಅದರ ಸರ್ಟಿಫಿಕೇಟು, ಬಡ್ತಿ, ಜ್ಯೇಷ್ಠತೆಯ ಮಾತು ಗುಂಪಿನಲ್ಲಿ ತಾಸುಗಟ್ಟಲೆ ನಡೆಯುತ್ತಿತ್ತು. ನಾನು ಪಿಳಿಪಿಳಿ ನೋಡುತ್ತಾ ಕೂಡುತ್ತಿದ್ದೆ. ಇದು ಕೂತು ಕೇಳಿದರೆ ತುಂಬುವ ಕೊರತೆ. ಅದು ತುಂಬುವ ಮುಂಚೆ ಮಸ್ಕತ್‌ನ ಕಥೆ ತೆಗೆದರೆ ಯಾರಿಗೂ ಬೇಕಾಗುವುದಿಲ್ಲ.

ನನ್ನ ವಿಷಯ ಬಯಲಾದದ್ದು ಹೀಗೆ. ಅಪ್ಪನ ಹೆಸರಿನಲ್ಲಿದ್ದ ಆಳಂದ ತಾಲೂಕಿನ ಹೊಲವನ್ನು ಫೌತಿ ಖಾತೆ ಮಾಡಿಸಬೇಕಿತ್ತು. ಮರಣ ಪ್ರಮಾಣಪತ್ರ ಇತ್ತು, ವಂಶವೃಕ್ಷ ಆಗಬೇಕು, ಅದಕ್ಕೆ ಅಕ್ಕ-ತಂಗಿಯರ ಆಧಾರ್ ಬೇಕು, ನಾಡಕಚೇರಿಗೆ ಅರ್ಜಿ ಕೊಡಬೇಕು, ನೋಟಿಸಿನ ಅವಧಿಯಲ್ಲಿ ಯಾರದೂ ತಕರಾರು ಬರಬಾರದು. ಏಜೆಂಟನಿಗೆ ರೊಕ್ಕ ಕೊಟ್ಟು ಮಾಡಿಸಲು ಹೊರಟಿದ್ದೆ. ಅವ್ವ ಬಿಡಲಿಲ್ಲ. "ಅವನಿಗಿ ಕೇಳು, ಕಾಗದಪತ್ರದ ಕೆಲಸ ಅವನಿಗಿ ಗೊತ್ತದ" ಅಂದಳು. ಸಂಕೋಚದಿಂದಲೇ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಬೈಕ್ ತಂದು ನಿಲ್ಲಿಸಿದ.

ವಂಶವೃಕ್ಷದಲ್ಲಿ ತಂಗಿಯ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದುದರಿಂದ ಅರ್ಜಿ ವಾಪಸಾಯಿತು. ತಿದ್ದುಪಡಿ ಮಾಡಿಸಿ ಮತ್ತೆ ಹೋದೆವು. ಆಫೀಸಿನ ಹೊರಗೆ ಬೇವಿನ ಗಿಡದ ಕೆಳಗೆ ಕಟ್ಟೆ, ಅಲ್ಲಿ ಕಾಯುವುದೇ ಕೆಲಸ. ಅವನು ಮನೆಯಿಂದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಲೆ ಕಟ್ಟಿಸಿಕೊಂಡು ಬಂದಿದ್ದ. ತಿನ್ನುವಾಗ ನನ್ನ ಕಡೆ ನೋಡದೆ ಕೇಳಿದ: "ನಿಮ್ಮಪ್ಪಗ ಮಣ್ಣ ಹಾಕಿದ್ದಕ್ಕ ರೊಕ್ಕ ಕೊಟ್ಟಿಯೇನೋ ನೀ?"

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅವನೇ ಮುಂದುವರಿಸಿದ. "ನಾ ಲೆಕ್ಕ ಬರಿಯಾಂವ. ಯಾ ಖಾತಿ ಚಾಲೂ ಅದ, ಯಾವ್ದು ಬಂದ್ ಆಯ್ತು ನಂಗ ತಿಳೀತದ. ನೀ ಬಂದ್ ಮಾಡ್ಲಾಕತ್ತಿ ಅಂದ್ಕೊಂಡೆ." ತಪ್ಪಾಯಿತು ಅಂದೆ. ಇನ್ನೊಂದು ರೊಟ್ಟಿ ನನ್ನ ಕಡೆ ಸರಿಸಿದ, ಅಷ್ಟೇ. ಆದರೆ ಅವತ್ತಿನಿಂದ ಅವನು ನನಗೆ ಕೆಲಸ ಹೇಳತೊಡಗಿದ: ಮಗಳನ್ನು ಟ್ಯೂಷನ್‌ನಿಂದ ಕರೆತಾ, ಅತ್ತೆಯನ್ನು ಸ್ಟೇಷನ್ನಿಗೆ ಬಿಡು.

ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಹೊಸ ಊರಿಗೆ ಹೋದವರು, ಹೊಸದಾಗಿ ಕಾಲೇಜು ಸೇರಿದವರ ಮೇಲೆ ಮಾಡಿದ್ದು. ಪರಿಚಯದವನು ಸಾದಾ ಗೆಳೆಯನಾಗಲು ಸುಮಾರು 50 ತಾಸು ಜೊತೆಗಿರಬೇಕು, ಗೆಳೆಯ ಅನ್ನಿಸಿಕೊಳ್ಳಲು 90 ತಾಸು, ಆಪ್ತನಾಗಲು 200ಕ್ಕೂ ಮೇಲೆ ಅಂತ ಅವರ ಅಂದಾಜು. ಒಟ್ಟಿಗೆ ನೌಕರಿ ಮಾಡಿದ ತಾಸು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ, ಸುಮ್ಮನೆ ಕೂಡಿ ಕಳೆದದ್ದು ಬರುತ್ತದೆ. ಅದು ಹೊಸ ಗೆಳೆತನದ ಲೆಕ್ಕವಾದರೂ ನಮ್ಮ ಸ್ಥಿತಿಗೂ ಹೊಂದುತ್ತದೆ ಅಂತ ನನಗನ್ನಿಸುತ್ತದೆ. ವಾರಕ್ಕೊಮ್ಮೆ ಅರ್ಧ ಕಪ್ ಚಹಾದಿಂದ 50 ತಾಸು ತುಂಬಬೇಕಾದರೆ ವರ್ಷಗಳು ಬೇಕು. ನಾಡಕಚೇರಿ ಕಟ್ಟೆಯ ಮೇಲೆ ಒಂದೇ ದಿನಕ್ಕೆ ಆರು ತಾಸು ಸಿಗುತ್ತದೆ.

ಹಾಗಾಗಿ ಹೊಸ ಗೆಳೆಯರನ್ನು ಹುಡುಕುವ ಮಾತು ನನಗೆ ಒಪ್ಪಿಗೆಯಿಲ್ಲ. ಅಲ್ಲೂ ಇದೇ 200 ತಾಸು ಬೇಕು, ಅದೂ ನಿಮ್ಮಪ್ಪ ಯಾರು ಅಂತ ಗೊತ್ತಿಲ್ಲದವರ ಜೊತೆ. ಬದಲಿಗೆ ನಿಮ್ಮ ಅವ್ವನ ಹತ್ತಿರ ಪುಸ್ತಕ ಕೇಳಿ ಇಸಿದುಕೊಳ್ಳಿ, ಯಾರು ಎಷ್ಟು ಬರೆಸಿದ್ದಾರೆ ನೋಡಿ, ಅದರ ಹತ್ತಿರದಲ್ಲೇ ಇರಿ. ನೀವಿಲ್ಲದಾಗ ಯಾರ ಮನೆಯಲ್ಲಿ ಸಾವಾಯಿತು ಅಂತ ತಿಳಿದುಕೊಂಡು ಅಲ್ಲಿಗೆ ಮೊದಲು ಹೋಗಿ, ತಡವಾದರೂ ಪರವಾಗಿಲ್ಲ, ಬರಿಗೈಲಿ ಹೋಗಿ ಕೂತು ಬನ್ನಿ. ಲಗ್ನಕ್ಕೆ ಕರೆದರೆ ಹೋಗಬೇಕು, ಮಣ್ಣಿಗೆ ಕರೆಯುವತನಕ ಕಾಯಬಾರದು. ಮತ್ತೆ, ನಿಮ್ಮಿಂದ ರೊಕ್ಕ ಕೊಟ್ಟು ಮಾಡಿಸಬಹುದಾದ ಒಂದಾದರೂ ಕೆಲಸವನ್ನು ಗೆಳೆಯನಿಗೆ ಕೇಳಿ. ಆದರೆ ಸಾಲ ಮಾತ್ರ ಕೇಳಬೇಡಿ, ಗಲ್ಫ್‌ನಿಂದ ಬಂದವನು ಸಾಲ ಕೇಳಿದರೆ ಜನ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಎಲ್ಲರೂ ಬರುತ್ತಾರೆ ಅಂತಲೂ ಅಂದುಕೊಳ್ಳಬೇಡಿ. ನಮ್ಮ ಗುಂಪಿನಲ್ಲಿ ಇಬ್ಬರು ಈಗಲೂ ದೂರವೇ ಇದ್ದಾರೆ. ಒಬ್ಬನಿಗೆ ನನ್ನ ಮೇಲೆ ಸಿಟ್ಟಿದೆ, ಕಾರಣ ಹೇಳುತ್ತಿಲ್ಲ, ನಾನು ಒತ್ತಾಯ ಮಾಡಿಲ್ಲ.

ಎಳ್ಳ ಅಮಾವಾಸ್ಯೆಗೆ ಯಾರಾದರೂ ಹೊಲಕ್ಕೆ ಕರೆದರೆ ಖಂಡಿತ ಹೋಗಿ. ಚರಗ ಚೆಲ್ಲುವುದರಿಂದ ಹಿಡಿದು ಭಜ್ಜಿ, ಸಜ್ಜಿ ರೊಟ್ಟಿ ಉಂಡು ಸಂಜೆ ವಾಪಸಾಗುವತನಕ ಇಡೀ ದಿನ ಸಿಗುತ್ತದೆ. ಕಾರು ಮನೆಯಲ್ಲಿ ಬಿಟ್ಟು, ಅವರ ಗಾಡಿಯಲ್ಲೇ ಕೂತು ಹೋಗಿ. ಊಟ ಅವರದೇ ಇರಲಿ, ನೀವು ಮಕ್ಕಳಿಗೆ ಅಂತ ಬಾಳೆಹಣ್ಣು ಒಯ್ದರೆ ಸಾಕು.